ಒಂದೇ ಚೀಟಿ ಎತ್ತಿದಾಗ ತಪ್ಪನ್ನು ಅಳೆಯುವುದು ಹೇಗೆ?

ನಮ್ಮ ಅಬ್ಬಾ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ನೆನೆಸಿದ ಭತ್ತ ಅಂಗಳದಲ್ಲಿ ಒಣಗಬೇಕು, ಆಮೇಲೆ ಉಳಿದ ಕೆಲಸ. ಜುಲೈ ತಿಂಗಳಲ್ಲಿ ಸೋನೆ ಮಳೆ ಹಿಡಿದರೆ ಭತ್ತ ಒಣಗುವುದಿಲ್ಲ, ಭಟ್ಟಿ ಹೊತ್ತಿಸುವುದಿಲ್ಲ, ಕೂಲಿಯೂ ಇಲ್ಲ. ಅದೇ ಹೊತ್ತಿಗೆ ಆಗಸ್ಟ್‌ನಲ್ಲಿ ಕಾಲೇಜಿನ ಫೀಸಿನ ಎರಡನೇ ಕಂತು ಬರುತ್ತದೆ. ಈ ಕಂತನ್ನು ಅಕ್ಟೋಬರ್‌ಗೆ ಮುಂದೂಡಬೇಕು ಎಂದು ನಾವು ಕೆಲವರು ಕೇಳಿಕೊಂಡೆವು. ಆಫೀಸಿನಲ್ಲಿ ಬಂದ ಉತ್ತರ ನ್ಯಾಯವಾಗಿಯೇ ಇತ್ತು: "ದಿನಗೂಲಿ ಮನೆಗಳಲ್ಲಿ ಜುಲೈ ತಿಂಗಳು ಸರಾಸರಿ 8 ದಿನಕ್ಕಿಂತ ಹೆಚ್ಚು ಕೆಲಸ ತಪ್ಪುತ್ತದೆ ಎಂದು ತೋರಿಸಿ, ಸ್ಟಾಫ್ ಮೀಟಿಂಗ್‌ನಲ್ಲಿ ಇಡೋಣ." ಎಂಟು ದಿನ ಅಂದರೆ ತಿಂಗಳ ಕಾಲು ಭಾಗ.

ನಾನು ಸೆಕೆಂಡ್ ಪಿಯುಸಿ ಕಾಮರ್ಸ್, ಸ್ಟ್ಯಾಟಿಸ್ಟಿಕ್ಸ್ ಇರುವ ಸೆಬಾ ಕಾಂಬಿನೇಷನ್. ಹಾಗಾಗಿ ಲೆಕ್ಕದ ಕೆಲಸ ನನ್ನ ಪಾಲಿಗೆ ಬಂತು. ಆ ಲೆಕ್ಕದಲ್ಲಿ ನಾನು ಎಲ್ಲಿ ಸಿಕ್ಕಿಹಾಕಿಕೊಂಡೆ, ಎಲ್ಲಿ ತಪ್ಪು ಮಾಡಿದೆ, ಅದು ಹೇಗೆ ಸರಿಯಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ವೆ ಪ್ರಾಜೆಕ್ಟ್ ಮಾಡುವವರಿಗೆ ಇದೇ ತೊಂದರೆ ಬರಬಹುದು.

ಎಂಟು ಗುಂಪು, ಎಂಟು ಚೀಟಿ

ನಮ್ಮ ಕಾಲೇಜಿನ ಪಟ್ಟಿಯಲ್ಲಿ ದಿನಗೂಲಿ ಮನೆಯಿಂದ ಬರುವ ವಿದ್ಯಾರ್ಥಿಗಳ ಮನೆಗಳು 80. ಕೆಲವು ದಾವಣಗೆರೆಯವು, ಕೆಲವು ಹರಿಹರದವು. ಎಲ್ಲ ಮನೆಗೂ ಹೋಗಿ ತಿಂಗಳ ಒಂದೊಂದು ದಿನವನ್ನೂ ಕೇಳಿ ಬರೆಯಲು ನಮಗೆ ಆಗುವುದಿಲ್ಲ. ನಾವು ಇದ್ದದ್ದು ಎಂಟು ಜನ. ಒಬ್ಬೊಬ್ಬರು ಒಂದು ಮನೆಗೆ ಹೋಗುವುದು, ಕೂತು, ಕ್ಯಾಲೆಂಡರ್ ಮುಂದಿಟ್ಟು, ಯಾವ ದಿನ ಕೆಲಸ ಸಿಗಲಿಲ್ಲ ಎಂದು ಗುರುತು ಹಾಕಿಸಿಕೊಳ್ಳುವುದು ಎಂದು ತೀರ್ಮಾನಿಸಿದೆವು. ವಾರದ ರಜೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

80 ಮನೆಯ ಚೀಟಿಗಳನ್ನು ಒಂದೇ ಡಬ್ಬಿಗೆ ಹಾಕಿ ಎಂಟು ಎತ್ತಬಹುದಿತ್ತು. ಆದರೆ ಹಾಗೆ ಎತ್ತಿದಾಗ ಎಂಟೂ ಭಟ್ಟಿ ಕೆಲಸದವರೇ ಬಂದುಬಿಟ್ಟರೆ? ಅಥವಾ ಎಂಟೂ ಹಮಾಲರೇ ಬಂದರೆ? ಮಳೆ ಎಲ್ಲ ಕೆಲಸವನ್ನೂ ಒಂದೇ ರೀತಿ ನಿಲ್ಲಿಸುವುದಿಲ್ಲ. ಆದ್ದರಿಂದ ಮನೆಗಳನ್ನು ಮೊದಲೇ ಗುಂಪು ಮಾಡಿದೆವು. ಪಾಠದಲ್ಲಿ ಇದಕ್ಕೆ ಸ್ತರ ಎನ್ನುತ್ತಾರೆ. ಕೆಲಸ ನಾಲ್ಕು ಬಗೆ: ಭಟ್ಟಿ (ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ, ಹರಿಹರದ ಕಡೆ ಇಟ್ಟಿಗೆ ಭಟ್ಟಿ), ಗಾರೆ, ಹಮಾಲಿ, ತಳ್ಳುಗಾಡಿ ವ್ಯಾಪಾರ. ಊರು ಎರಡು. ಹೀಗೆ ಎಂಟು ಸ್ತರ. ಪೇಂಟಿಂಗ್ ಕೆಲಸದವರನ್ನು ಗಾರೆಯವರ ಜೊತೆ, ಹೂವು ಮಾರುವವರನ್ನು ತಳ್ಳುಗಾಡಿಯವರ ಜೊತೆ ಸೇರಿಸಿ, ಪ್ರತಿ ಸ್ತರದಲ್ಲೂ 10 ಮನೆ ಬರುವಂತೆ ನೋಡಿಕೊಂಡೆವು. ಒಂದೊಂದು ಸ್ತರದ ಹತ್ತು ಚೀಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಒಂದೊಂದೇ ಚೀಟಿ ಎತ್ತಿದೆವು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಎಂಟು ಸ್ತರಗಳ ಹೆಸರನ್ನು ಮನೆಗಳಿಗೆ ಹೋಗುವ ಮೊದಲೇ ಬರೆದಿದ್ದೆ. ಕೆಲಸವಾರು, ಎರಡು ಊರು ಅಕ್ಕಪಕ್ಕ. ಈ ಪುಟದ ವಿಷಯ ಮುಂದೆ ಬರುತ್ತದೆ.

ಆ ಎಂಟು ಮನೆಗಳಲ್ಲಿ ಜುಲೈನಲ್ಲಿ ಕೆಲಸ ತಪ್ಪಿದ ದಿನಗಳು ಹೀಗಿದ್ದವು:

| ಕೆಲಸ | ದಾವಣಗೆರೆ | ಹರಿಹರ |
|---|---|---|
| ಭಟ್ಟಿ | 12 | 17 |
| ಗಾರೆ | 16 | 11 |
| ಹಮಾಲಿ | 3 | 6 |
| ತಳ್ಳುಗಾಡಿ | 5 | 2 |

ಒಟ್ಟು 72. ಎಲ್ಲ ಸ್ತರಗಳೂ ಒಂದೇ ಗಾತ್ರದವು, ಹಾಗಾಗಿ 72 ಅನ್ನು 8ರಿಂದ ಭಾಗಿಸಿದರೆ ಸಾಕು. ಸರಾಸರಿ 9 ದಿನ. ಎಂಟಕ್ಕಿಂತ ಹೆಚ್ಚು! ಅದೇ ದಿನ ಕಾಗದ ಬರೆದು ಆಫೀಸಿಗೆ ಕೊಡಲು ಹೊರಟಿದ್ದೆ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ತಡೆದರು. "ಇನ್ನೊಂದು ಸಲ ಚೀಟಿ ಎತ್ತಿದ್ರೆ 9 ಬರ್ತದಾ? 7 ಬರಬಹುದಲ್ಲ? ನಿನ್ನ ಒಂಬತ್ತು ಎಷ್ಟು ಆಚೆ ಈಚೆ ಆಗಬಹುದು, ಅದನ್ನ ಬರಿ ಮೊದಲು."

ಒಂದರಿಂದ ಒಂದನ್ನು ಕಳೆದರೆ

ಮೇಡಂ ಕೇಳಿದ್ದು ಸ್ಟ್ಯಾಂಡರ್ಡ್ ಎರರ್. ಸ್ತರ ಮಾಡಿ ಎತ್ತಿದ ಸ್ಯಾಂಪಲ್‌ನಲ್ಲಿ ತಪ್ಪು ಹುಟ್ಟುವುದು ಒಂದೊಂದು ಸ್ತರದ ಒಳಗಿನಿಂದ ಮಾತ್ರ. ಭಟ್ಟಿಯವರಿಗೂ ಹಮಾಲರಿಗೂ ಇರುವ ವ್ಯತ್ಯಾಸದಿಂದ ತಪ್ಪು ಬರುವುದಿಲ್ಲ, ಏಕೆಂದರೆ ಪ್ರತಿ ಸಲವೂ ಇಬ್ಬರಿಂದಲೂ ಒಂದೊಂದು ಚೀಟಿ ಬಂದೇ ಬರುತ್ತದೆ. ಹತ್ತು ಮಂಡಕ್ಕಿ ಮನೆಗಳಲ್ಲಿ ಯಾವ ಮನೆ ಬಂತು ಎಂಬುದು ಮಾತ್ರ ಅದೃಷ್ಟ. ಆ ಹತ್ತು ಮನೆಗಳ ಒಳಗೆ ಎಷ್ಟು ಏರುಪೇರಿದೆಯೋ ಅಷ್ಟು ತಪ್ಪು.

ಆ ಏರುಪೇರು ಅಳೆಯಲು ನಮಗೆ ಗೊತ್ತಿರುವ ಸೂತ್ರ ವೇರಿಯನ್ಸ್: ಸರಾಸರಿಯಿಂದ ಇರುವ ಅಂತರಗಳನ್ನು ವರ್ಗ ಮಾಡಿ, ಕೂಡಿಸಿ, n−1 ರಿಂದ ಭಾಗಿಸುವುದು. ಮಂಡಕ್ಕಿ ಸ್ತರದಲ್ಲಿ ನನ್ನ ಬಳಿ ಇರುವುದು ಒಂದೇ ಸಂಖ್ಯೆ, 12. ಅದರ ಸರಾಸರಿಯೂ 12. ಅಂತರ ಸೊನ್ನೆ. n−1 ಕೂಡ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸು ಎಂದರೆ ಕ್ಯಾಲ್ಕುಲೇಟರ್ ಎರರ್ ಎನ್ನುತ್ತದೆ. ಅದು ಹೇಳುವುದು ಸರಿಯೇ. ಒಂದೇ ಮನೆ ನೋಡಿದವನಿಗೆ ಪಕ್ಕದ ಮನೆ ಎಷ್ಟು ಬೇರೆ ಇರಬಹುದು ಎಂಬುದು ಗೊತ್ತಾಗುವುದು ಹೇಗೆ?

ನನಗೆ ಮೊದಲು ಹೊಳೆದ ದಾರಿ, ಸ್ತರಗಳನ್ನೇ ಮರೆತು ಎಂಟು ಸಂಖ್ಯೆಗಳನ್ನು ಒಂದೇ ಸ್ಯಾಂಪಲ್ ಎಂದುಕೊಳ್ಳುವುದು. 9ರಿಂದ ಅಂತರಗಳ ವರ್ಗ ಕೂಡಿಸಿದರೆ 236. ಅದನ್ನು 7ರಿಂದ ಭಾಗಿಸಿ, ಮತ್ತೆ 8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸ್ಟ್ಯಾಂಡರ್ಡ್ ಎರರ್ 2.05. ಇದು ತೀರಾ ಹೆಚ್ಚು. ಭಟ್ಟಿಯ 17ಕ್ಕೂ ತಳ್ಳುಗಾಡಿಯ 2ಕ್ಕೂ ಇರುವ ದೊಡ್ಡ ಅಂತರವೂ ಇದರೊಳಗೆ ಸೇರಿಕೊಂಡಿದೆ. ಆ ಅಂತರವನ್ನು ತಪ್ಪಿಸಲೆಂದೇ ಅಲ್ಲವೇ ನಾವು ಸ್ತರ ಮಾಡಿದ್ದು?

ಎರಡು ಸ್ತರಗಳನ್ನು ಮಡಚಿ ಒಂದು ಮಾಡುವುದು

ಮೇಡಂ ಮಧ್ಯದ ದಾರಿಯೊಂದನ್ನು ಹೇಳಿಕೊಟ್ಟರು. ಎಂಟನ್ನೂ ಒಂದು ಮಾಡಬೇಡ, ಎರಡೆರಡನ್ನು ಮಾತ್ರ ಒಂದು ಮಾಡು. ಒಂದನ್ನೊಂದು ಹೋಲುವ ಎರಡು ಸ್ತರಗಳನ್ನು ಜೋಡಿ ಮಾಡಿ, ಆ ಜೋಡಿಯನ್ನು ಎರಡು ಚೀಟಿ ಎತ್ತಿದ ಒಂದೇ ದೊಡ್ಡ ಸ್ತರ ಎಂದುಕೊ. ಈಗ ಪ್ರತಿ ಜೋಡಿಯಲ್ಲಿ ಎರಡು ಸಂಖ್ಯೆ ಇದೆ, ಅವುಗಳ ಅಂತರ ಸಿಗುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಕೊಲ್ಯಾಪ್ಸ್ಡ್ ಸ್ಟ್ರಾಟಾ ಎಂದು ಹೆಸರು. ನಾನು ಇದನ್ನು ಮಡಚಿದ ಸ್ತರ ಎಂದು ಕರೆಯುತ್ತೇನೆ. ಹ್ಯಾನ್ಸನ್, ಹರ್ವಿಟ್ಸ್, ಮ್ಯಾಡೋ ಎಂಬ ಮೂವರು 1953ರಲ್ಲಿ ಪ್ರಕಟಿಸಿದ ಸರ್ವೆ ಪುಸ್ತಕದಲ್ಲಿ ಈ ವಿಧಾನವಿದೆ.

ಸ್ತರಗಳ ಗಾತ್ರ ಒಂದೇ ಆಗಿದ್ದರೆ ಸೂತ್ರ ಬಹಳ ಸುಲಭ. ಸ್ತರಗಳ ಸಂಖ್ಯೆ L, ಒಂದು ಜೋಡಿಯ ಎರಡು ಸಂಖ್ಯೆಗಳ ಅಂತರ d ಎಂದಾದರೆ,

v = (d₁² + d₂² + d₃² + …) ÷ L²

ಇದು ಸರಾಸರಿಯ ವೇರಿಯನ್ಸ್. ಇದರ ವರ್ಗಮೂಲವೇ ಸ್ಟ್ಯಾಂಡರ್ಡ್ ಎರರ್. ನಮ್ಮಲ್ಲಿ L = 8, ಆದ್ದರಿಂದ ಕೆಳಗೆ ಬರುವುದು 64.

ಇಷ್ಟು ಕೇಳಿಕೊಂಡು ಮನೆಗೆ ಬಂದೆ. ರಾತ್ರಿ ಕೂತು ಜೋಡಿ ಮಾಡಿದೆ. "ಒಂದನ್ನೊಂದು ಹೋಲುವ" ಎಂದಿದ್ದರಲ್ಲ? ಎಂಟು ಸಂಖ್ಯೆಗಳನ್ನು ನೋಡಿ ಹೋಲುವಂಥವನ್ನು ಆರಿಸಿದೆ: 17 ಮತ್ತು 16, 12 ಮತ್ತು 11, 6 ಮತ್ತು 5, 3 ಮತ್ತು 2. ನಾಲ್ಕೂ ಜೋಡಿಯಲ್ಲಿ ಅಂತರ 1. ವರ್ಗಗಳ ಮೊತ್ತ 4. ಅದನ್ನು 64ರಿಂದ ಭಾಗಿಸಿದರೆ 0.0625, ವರ್ಗಮೂಲ 0.25. ಅಂದರೆ ಸರಾಸರಿ 9, ತಪ್ಪು ಕಾಲು ದಿನ! 8 ದಿನ ಎಂಬುದು ಎಲ್ಲೋ ದೂರ ಉಳಿಯಿತು. ಅಮ್ಮಿಗೆ ತೋರಿಸಿ, "ಕಂತು ಮುಂದೆ ಹೋಯ್ತು" ಅಂದೆ.

"ಜೋಡಿ ಯಾವಾಗ ಮಾಡಿದ್ದು?"

ಮರುದಿನ ಮೇಡಂ ನನ್ನ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು. "ಜೋಡಿ ಯಾವಾಗ ಮಾಡಿದ್ದು? ಸಂಖ್ಯೆ ನೋಡೋ ಮೊದಲೋ, ನೋಡಿದ ಮೇಲೋ?"

ನೋಡಿದ ಮೇಲೆ ಎಂದೆ. ಅವರು ಹಾಳೆಯನ್ನು ವಾಪಸ್ ಕೊಟ್ಟರು. ಅವರು ವಿವರಿಸಿದ್ದು ಹೀಗೆ. ಕ್ಲಾಸಿನ ಎಲ್ಲರ ಮಾರ್ಕ್ಸ್ ನೋಡಿ, ಒಂದೇ ಥರ ಮಾರ್ಕ್ಸ್ ಬಂದವರನ್ನು ಅಕ್ಕಪಕ್ಕ ಕೂರಿಸಿ, ಆಮೇಲೆ "ನೋಡಿ, ಅಕ್ಕಪಕ್ಕ ಕೂತವರ ಮಾರ್ಕ್ಸ್‌ನಲ್ಲಿ ವ್ಯತ್ಯಾಸವೇ ಇಲ್ಲ" ಎಂದರೆ ಅದರಿಂದ ಏನು ಗೊತ್ತಾಯಿತು? ಏನೂ ಇಲ್ಲ. ಅಂತರ ಕಡಿಮೆಯಾದದ್ದು ಕೂರಿಸಿದ ಕ್ರಮದಿಂದ. ದಾವಣಗೆರೆ ಗಾರೆಯ 16 ಮತ್ತು ಹರಿಹರ ಭಟ್ಟಿಯ 17 ಹತ್ತಿರ ಇರುವುದು ಚೀಟಿಯ ಆಟ. ಬೇರೆ ಚೀಟಿ ಬಂದಿದ್ದರೆ ನಾನು ಬೇರೆ ಜೋಡಿ ಮಾಡುತ್ತಿದ್ದೆ, ಅಂತರ ಆಗಲೂ ಸಣ್ಣದೇ ಬರುತ್ತಿತ್ತು. ಅಂದರೆ ನನ್ನ 0.25 ಯಾವಾಗಲೂ ಸಣ್ಣದಾಗಿಯೇ ಬರುವಂತೆ ನಾನೇ ಮಾಡಿದ್ದೆ. ನನಗೆ ಕಂತು ಮುಂದೆ ಹೋಗಬೇಕಿತ್ತು, ಲೆಕ್ಕವೂ ಅದನ್ನೇ ಹೇಳಿತು.

ಜೋಡಿ ಮಾಡಬೇಕಾದದ್ದು ಸ್ತರಗಳ ಬಗ್ಗೆ ಮೊದಲೇ ಗೊತ್ತಿರುವ ವಿಷಯದಿಂದ. ಯಾವ ಕೆಲಸ, ಯಾವ ಊರು, ಮಳೆ ಬಂದರೆ ನಿಲ್ಲುವ ಕೆಲಸವೋ ಅಲ್ಲವೋ, ಇಂಥವು. ಸ್ಯಾಂಪಲ್‌ನಿಂದ ಬಂದ ಸಂಖ್ಯೆಯನ್ನು ಇದರಲ್ಲಿ ಮುಟ್ಟುವಂತಿಲ್ಲ. ಆದರೆ ನಾನು ಸಂಖ್ಯೆಗಳನ್ನು ಆಗಲೇ ನೋಡಿಬಿಟ್ಟಿದ್ದೆನಲ್ಲ? ಈಗ ಯಾವ ಜೋಡಿ ಮಾಡಿದರೂ ಅನುಮಾನ ಉಳಿಯುತ್ತದೆ. ಆಗ ನೋಟ್‌ಬುಕ್ಕಿನ ಮೊದಲ ಪುಟ ನೆನಪಾಯಿತು. ಮನೆಗಳಿಗೆ ಹೋಗುವ ಮೊದಲು ಬರೆದ ಪಟ್ಟಿ ಅಲ್ಲಿತ್ತು. ಕೆಲಸವಾರು, ಊರು ಅಕ್ಕಪಕ್ಕ. ಅದೇ ಕ್ರಮದಲ್ಲಿ ಜೋಡಿ ಮಾಡು ಎಂದರು ಮೇಡಂ.

ಭಟ್ಟಿ: 12 ಮತ್ತು 17, ಅಂತರ 5, ವರ್ಗ 25.
ಗಾರೆ: 16 ಮತ್ತು 11, ಅಂತರ 5, ವರ್ಗ 25.
ಹಮಾಲಿ: 3 ಮತ್ತು 6, ಅಂತರ 3, ವರ್ಗ 9.
ತಳ್ಳುಗಾಡಿ: 5 ಮತ್ತು 2, ಅಂತರ 3, ವರ್ಗ 9.

ಮೊತ್ತ 68. 64ರಿಂದ ಭಾಗಿಸಿದರೆ 1.06. ವರ್ಗಮೂಲ 1.03. ಕಾಲು ದಿನ ಎಂದುಕೊಂಡಿದ್ದ ತಪ್ಪು ಒಂದು ದಿನಕ್ಕಿಂತ ಹೆಚ್ಚಾಯಿತು, ನಾಲ್ಕು ಪಟ್ಟು.

ಈ ವಿಧಾನ ಯಾವ ಕಡೆಗೆ ತಪ್ಪುತ್ತದೆ?

ಮಡಚಿದ ಸ್ತರದ ಲೆಕ್ಕವೂ ಪೂರ್ತಿ ನಿಖರವಲ್ಲ. ಆದರೆ ಅದು ಯಾವ ಕಡೆಗೆ ತಪ್ಪುತ್ತದೆ ಎಂದು ಮೊದಲೇ ಗೊತ್ತು. ಇದೇ ಅದರ ಗುಣ.

ಒಂದು ಊಹೆ ಮಾಡೋಣ. ಹತ್ತೂ ಮಂಡಕ್ಕಿ ಮನೆಗಳಲ್ಲಿ ಸರಿಯಾಗಿ 12 ದಿನ, ಹತ್ತೂ ಇಟ್ಟಿಗೆ ಮನೆಗಳಲ್ಲಿ ಸರಿಯಾಗಿ 17 ದಿನ ಕೆಲಸ ತಪ್ಪಿದೆ ಎಂದುಕೊಳ್ಳಿ. ಆಗ ಯಾವ ಚೀಟಿ ಎತ್ತಿದರೂ 12 ಮತ್ತು 17 ಬರುತ್ತವೆ. ಚೀಟಿಯಿಂದ ಬರುವ ತಪ್ಪು ಸೊನ್ನೆ. ಆದರೆ ನಮ್ಮ ಸೂತ್ರ ಈ ಜೋಡಿಗೆ 25 ಎಂದು ಹೇಳುತ್ತದೆ. ಇಲ್ಲದ ತಪ್ಪನ್ನು ಇದೆ ಎನ್ನುತ್ತದೆ, ಏಕೆಂದರೆ ಎರಡು ಸ್ತರಗಳ ಸರಾಸರಿಗಳ ಅಂತರವೂ d ಒಳಗೆ ಕೂತಿದೆ. ಅಕ್ಷರದಲ್ಲಿ ಬರೆದರೆ, ಚೀಟಿಯನ್ನು ಮತ್ತೆ ಮತ್ತೆ ಎತ್ತುತ್ತಾ ಹೋದಾಗ

d² ನ ಸರಾಸರಿ = σ₁² + σ₂² + (μ₁ − μ₂)²

ಮೊದಲ ಎರಡು ಪದಗಳು ನಮಗೆ ಬೇಕಾದವು, ಒಂದೊಂದು ಸ್ತರದ ಒಳಗಿನ ಏರುಪೇರು. ಮೂರನೆಯದು ಬೇಡದ್ದು, ಎರಡು ಸ್ತರಗಳ ನಿಜ ಸರಾಸರಿಗಳ ಅಂತರದ ವರ್ಗ. ವರ್ಗ ಎಂದಿಗೂ ಋಣ ಆಗುವುದಿಲ್ಲ. ಆದ್ದರಿಂದ ಜೋಡಿಯನ್ನು ಮೊದಲೇ ನಿರ್ಧರಿಸಿದ್ದರೆ, ಈ ವಿಧಾನ ಸರಾಸರಿಯಲ್ಲಿ ತಪ್ಪನ್ನು ಹೆಚ್ಚಾಗಿಯೇ ಹೇಳುತ್ತದೆ, ಕಡಿಮೆ ಹೇಳುವುದಿಲ್ಲ. ನಮ್ಮನ್ನು ಎಚ್ಚರದ ಕಡೆಗೆ ತಳ್ಳುತ್ತದೆ. ಸಂಖ್ಯೆ ನೋಡಿ ಜೋಡಿ ಮಾಡಿದರೆ ಈ ಭರವಸೆ ಮುರಿದುಬೀಳುತ್ತದೆ, ತಪ್ಪು ಕಡಿಮೆ ಕಾಣುತ್ತದೆ. ನನ್ನ 0.25 ಅದೇ.

ಮೂರನೇ ಪದವನ್ನು ಸಣ್ಣದು ಮಾಡುವುದೇ ಒಳ್ಳೆಯ ಜೋಡಿಯ ಕೆಲಸ. ಸುಮ್ಮನೆ ಪರೀಕ್ಷೆಗೆಂದು ಒಂದು ಕೆಟ್ಟ ಜೋಡಿ ಮಾಡಿ ನೋಡಿದೆ. ಒಂದೇ ಊರಿನೊಳಗೆ ಭಟ್ಟಿಯನ್ನು ಹಮಾಲಿಯ ಜೊತೆ, ಗಾರೆಯನ್ನು ತಳ್ಳುಗಾಡಿಯ ಜೊತೆ ಸೇರಿಸಿದೆ. ಅಂತರಗಳು 9, 11, 11, 9. ವರ್ಗಗಳ ಮೊತ್ತ 404, ಸ್ಟ್ಯಾಂಡರ್ಡ್ ಎರರ್ 2.51. ಎಂಟನ್ನೂ ಒಂದೇ ಮಾಡಿದಾಗ ಬಂದ 2.05ಕ್ಕಿಂತಲೂ ಹೆಚ್ಚು. ಬಿಸಿಲಿಲ್ಲದೆ ನಡೆಯದ ಭಟ್ಟಿಗೂ, ಮಳೆಯಲ್ಲೂ ಮೂಟೆ ಹೊರುವ ಹಮಾಲಿಗೂ ಜೋಡಿ ಸರಿಯಲ್ಲ ಎಂದು ಯಾರನ್ನು ಕೇಳಿದರೂ ಮೊದಲೇ ಹೇಳುತ್ತಿದ್ದರು. ಮಂಡಕ್ಕಿಯ ಭತ್ತವೂ ಹಸಿ ಇಟ್ಟಿಗೆಯೂ ಬಿಸಿಲಲ್ಲೇ ಒಣಗಬೇಕು, ಆದ್ದರಿಂದ ಅವೆರಡೂ ಜೋಡಿ. ಈ ತಿಳುವಳಿಕೆ ಸೂತ್ರದಲ್ಲಿಲ್ಲ, ಕೆಲಸ ಗೊತ್ತಿದ್ದವರ ಬಳಿ ಇದೆ.

ನಾಲ್ಕು ಜೋಡಿಯ ಇನ್ನೊಂದು ಬೆಲೆ

1.03 ಸಿಕ್ಕ ಮೇಲೆ ಪಾಠದಲ್ಲಿ ಕಲಿತಂತೆ 1.96 ರಿಂದ ಗುಣಿಸಲು ಹೊರಟೆ. ಅದೂ ಇಲ್ಲಿ ಸಲ್ಲದು. 1.96 ಬಳಸುವುದು ದೊಡ್ಡ ಸ್ಯಾಂಪಲ್‌ಗೆ. ನಮ್ಮ 1.03 ಬಂದದ್ದು ನಾಲ್ಕೇ ನಾಲ್ಕು ಅಂತರಗಳಿಂದ. ಅದೇ ಸಾಕಷ್ಟು ಅಲುಗಾಡುವ ಸಂಖ್ಯೆ. ಆದ್ದರಿಂದ t ಕೋಷ್ಟಕದಲ್ಲಿ ಸ್ವಾತಂತ್ರ್ಯದ ಅಂಶ 4 ಇರುವ ಸಾಲು ನೋಡಬೇಕು. 95 ಶೇಕಡಾ ಮಟ್ಟಕ್ಕೆ ಅಲ್ಲಿ 2.78 ಇದೆ. ಪ್ರತಿ ಜೋಡಿಗೆ ಸಿಗುವುದು ಒಂದು ಅಂಶ ಮಾತ್ರ. ಎಂಟು ಮನೆ ನೋಡಿದ್ದರೂ ತಪ್ಪಿನ ಬಗ್ಗೆ ಸಿಕ್ಕ ಮಾಹಿತಿ ನಾಲ್ಕು ತುಣುಕು.

2.78 ಅನ್ನು 1.03 ರಿಂದ ಗುಣಿಸಿದರೆ ಸುಮಾರು 2.9. ಅಂದರೆ 80 ಮನೆಗಳ ನಿಜ ಸರಾಸರಿ 6.1 ರಿಂದ 11.9 ರ ನಡುವೆ ಎಲ್ಲಾದರೂ ಇರಬಹುದು. 8 ಅದರೊಳಗೇ ಇದೆ. "8ಕ್ಕಿಂತ ಹೆಚ್ಚು ಎಂದು ತೋರಿಸಿ" ಎಂದವರಿಗೆ ನಾವು ತೋರಿಸಲಾಗಲಿಲ್ಲ.

ಈ ಸಾಲನ್ನು ಬರೆಯಲು ನನಗೆ ಕಷ್ಟವಾಯಿತು. ಅಬ್ಬಾನ ಜುಲೈ ತಿಂಗಳು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ಮನೆ ಚೀಟಿಯಲ್ಲಿ ಬಂದಿರಲಿಲ್ಲ, ಬಂದಿದ್ದರೂ ಅದು 80ರಲ್ಲಿ ಒಂದು. ಹರಿಹರದಿಂದ ಬರುವ ಗೆಳೆಯ, "0.25 ಇರೋ ಹಾಳೆನೇ ಕೊಟ್ಟುಬಿಡೋಣ, ಯಾರಿಗೆ ಗೊತ್ತಾಗ್ತದೆ" ಅಂದ. ಮೀಟಿಂಗ್‌ನಲ್ಲಿ ಯಾರಾದರೂ ಮೇಡಂ ಕೇಳಿದ ಪ್ರಶ್ನೆಯನ್ನೇ ಕೇಳಿದರೆ ನಮ್ಮ ಸರ್ವೆಯಷ್ಟೂ ಬಿದ್ದುಹೋಗುತ್ತದೆ ಎಂದು ಅವನಿಗೆ ಹೇಳಿದೆ. 9, 1.03, ಮತ್ತು "ಇಷ್ಟರಿಂದ ಹೇಳಲಾಗದು" ಎಂದು ಬರೆದ ಹಾಳೆಯನ್ನೇ ಆಫೀಸಿಗೆ ಕೊಟ್ಟೆವು. ಇನ್ನೂ ಒಂದು ವಾರ ಸಮಯ ಕೇಳಿದೆವು.

ಎರಡನೇ ಚೀಟಿ

ಆ ವಾರದಲ್ಲಿ ಪ್ರತಿ ಡಬ್ಬಿಯಿಂದ ಇನ್ನೊಂದು ಚೀಟಿ ಎತ್ತಿದೆವು. ಮತ್ತೆ ಎಂಟು ಮನೆ. ಈಗ ಯಾವ ಸ್ತರವನ್ನೂ ಮಡಚಬೇಕಾಗಿಲ್ಲ, ಒಂದೊಂದು ಸ್ತರದಲ್ಲೂ ಎರಡು ಸಂಖ್ಯೆ ಇದೆ.

| ಸ್ತರ | ಮೊದಲ ಮನೆ | ಎರಡನೇ ಮನೆ | ಅಂತರ |
|---|---|---|---|
| ದಾವಣಗೆರೆ ಭಟ್ಟಿ | 12 | 15 | 3 |
| ಹರಿಹರ ಭಟ್ಟಿ | 17 | 20 | 3 |
| ದಾವಣಗೆರೆ ಗಾರೆ | 16 | 13 | 3 |
| ಹರಿಹರ ಗಾರೆ | 11 | 13 | 2 |
| ದಾವಣಗೆರೆ ಹಮಾಲಿ | 3 | 6 | 3 |
| ಹರಿಹರ ಹಮಾಲಿ | 6 | 4 | 2 |
| ದಾವಣಗೆರೆ ತಳ್ಳುಗಾಡಿ | 5 | 4 | 1 |
| ಹರಿಹರ ತಳ್ಳುಗಾಡಿ | 2 | 5 | 3 |

ಎರಡನೇ ಸಾಲಿನ ಎಂಟು ಮನೆಗಳ ಮೊತ್ತ 80, ಸರಾಸರಿ 10. ಹದಿನಾರೂ ಸೇರಿ ಸರಾಸರಿ 9.5. ಅಂತರಗಳ ವರ್ಗಗಳನ್ನು ಕೂಡಿಸಿದರೆ 54. ಈಗ ಪ್ರತಿ ಸ್ತರದಲ್ಲಿ ಎರಡು ಮನೆಯ ಸರಾಸರಿ ತೆಗೆದಿರುವುದರಿಂದ ಒಂದು ಸ್ತರದ ವೇರಿಯನ್ಸ್ d² ÷ 4. ಹಾಗಾಗಿ 54 ಅನ್ನು 4ರಿಂದಲೂ 64ರಿಂದಲೂ ಭಾಗಿಸಿದೆ: 0.21. ವರ್ಗಮೂಲ 0.46. ಸ್ವಾತಂತ್ರ್ಯದ ಅಂಶ ಈಗ 8, t ಬೆಲೆ 2.31. ಗುಣಿಸಿದರೆ ಸುಮಾರು 1.1. ನಿಜ ಸರಾಸರಿ 8.4 ರಿಂದ 10.6 ರ ನಡುವೆ. ಹತ್ತರಲ್ಲಿ ಎರಡು ಮನೆ ನೋಡಿರುವುದಕ್ಕೆ ಇನ್ನೂ ಸ್ವಲ್ಪ ಕಡಿತ ಮಾಡಬಹುದು, ಮಾಡದೆ ಬಿಟ್ಟರೂ ಕೆಳಗಿನ ತುದಿ 8ಕ್ಕಿಂತ ಮೇಲೇ ಇದೆ.

ಇದೇ ಸಂಖ್ಯೆಗಳಿಂದ ಹಿಂದಿನ ಲೆಕ್ಕವನ್ನೂ ಪರೀಕ್ಷೆ ಮಾಡಿದೆ. ಸ್ತರದ ಒಳಗಿನ ಏರುಪೇರು ಈಗ ನೇರವಾಗಿ ಗೊತ್ತು. ಒಂದೇ ಚೀಟಿ ಎತ್ತಿದ್ದಾಗ ಸ್ಟ್ಯಾಂಡರ್ಡ್ ಎರರ್ ಎಷ್ಟಿರಬೇಕಿತ್ತು ಎಂದು ಲೆಕ್ಕ ಹಾಕಿದರೆ ಸುಮಾರು 0.65 ಬರುತ್ತದೆ. ಇದೂ ಸ್ಯಾಂಪಲ್‌ನಿಂದ ಬಂದ ಅಂದಾಜೇ. ಆದರೂ ಪಕ್ಕಪಕ್ಕ ಇಟ್ಟು ನೋಡಿ. ಸಂಖ್ಯೆ ನೋಡಿ ಮಾಡಿದ ಜೋಡಿ 0.25 ಎಂದಿತ್ತು, ಅರ್ಧಕ್ಕಿಂತ ಕಡಿಮೆ. ಮೊದಲೇ ಬರೆದಿಟ್ಟ ಜೋಡಿ 1.03 ಎಂದಿತ್ತು, ಹೆಚ್ಚು. ಮಂಡಕ್ಕಿ ಭಟ್ಟಿಗಿಂತ ಇಟ್ಟಿಗೆ ಭಟ್ಟಿ ಮಳೆಗಾಲದಲ್ಲಿ ಹೆಚ್ಚು ದಿನ ನಿಲ್ಲುತ್ತದೆ ಎಂದು ಎರಡನೇ ಚೀಟಿಗಳೂ ತೋರಿಸುತ್ತಿವೆ. ಆ ಅಂತರವೇ 1.03ರ ಒಳಗೆ ಸೇರಿ ಅದನ್ನು ಉಬ್ಬಿಸಿದ್ದು.

ಮಾಡುವವರಿಗೆ ಎರಡು ಮಾತು

ಸ್ತರಗಳ ಗಾತ್ರ ಬೇರೆ ಬೇರೆ ಇದ್ದು, ಸರಾಸರಿಯ ಬದಲು ಒಟ್ಟು ಮೊತ್ತ ಬೇಕಾಗಿದ್ದರೆ ಜಾಗ್ರತೆ. ಒಂದು ಸ್ತರದಲ್ಲಿ 30 ಮನೆ, ಇನ್ನೊಂದರಲ್ಲಿ 10 ಮನೆ, ಎರಡರಲ್ಲೂ ಚೀಟಿಗೆ 9 ದಿನ ಬಂತು ಎಂದುಕೊಳ್ಳಿ. ಅಂದಾಜು ಮೊತ್ತ 270 ಮತ್ತು 90. ನೇರವಾಗಿ ಕಳೆದರೆ ಅಂತರ 180, ಮನೆಗಳಲ್ಲಿ ಮಾತ್ರ ವ್ಯತ್ಯಾಸವೇ ಇಲ್ಲ. ಅದಕ್ಕಾಗಿ ಜೋಡಿಯ ಮೊತ್ತ 360 ಅನ್ನು ಗಾತ್ರದ ಪ್ರಮಾಣದಲ್ಲಿ ಹಂಚಬೇಕು: ಮುಕ್ಕಾಲು ಪಾಲು 270, ಕಾಲು ಪಾಲು 90. ಪ್ರತಿ ಸ್ತರದ ಅಂದಾಜಿನಿಂದ ಅದರ ಪಾಲನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿ ಕೂಡಿಸಿ, 2 ರಿಂದ ಗುಣಿಸಬೇಕು. ಇಲ್ಲಿ ಉಳಿಯುವುದು ಸೊನ್ನೆ, ಅದೇ ಸರಿ. ಗಾತ್ರ ಒಂದೇ ಆಗಿದ್ದರೆ ಈ ಲೆಕ್ಕವೂ d² ಗೇ ಬಂದು ನಿಲ್ಲುತ್ತದೆ.

ಎರಡನೆಯದು, ಸಾಧ್ಯವಿದ್ದರೆ ಮೊದಲೇ ಎರಡು ಚೀಟಿ ಎತ್ತಿ. ನಮ್ಮ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಶುರುವಾದದ್ದು. ಅದರ ಹಿಂದಿದ್ದ ಪಿ. ಸಿ. ಮಹಾಲನೋಬಿಸ್ ಅವರು ಒಂದೇ ಜಾಗದಿಂದ ಎರಡು ಸ್ವತಂತ್ರ ಉಪಮಾದರಿಗಳನ್ನು ತೆಗೆದು, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಪದ್ಧತಿ ತಂದರು. ಆ ಸಮೀಕ್ಷೆಯ ಹಲವು ಸುತ್ತುಗಳಲ್ಲಿ ಒಂದು ಸ್ತರಕ್ಕೆ ಕನಿಷ್ಠ ಎರಡು ಹಳ್ಳಿ ಅಥವಾ ಬಡಾವಣೆ ಇರುವಂತೆ ನೋಡಿಕೊಂಡದ್ದೂ ಇದಕ್ಕೇ. ಅಮೆರಿಕದ ತಿಂಗಳ ಉದ್ಯೋಗ ಸಮೀಕ್ಷೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಸಣ್ಣ ಪ್ರದೇಶಗಳನ್ನು ಸ್ತರ ಮಾಡಿ ಪ್ರತಿ ಸ್ತರದಿಂದ ಒಂದೇ ಪ್ರದೇಶ ಆರಿಸುತ್ತಾರೆ. ಸ್ತರಗಳು ಹೆಚ್ಚಾದಷ್ಟೂ ಅಂದಾಜು ನಿಖರವಾಗುತ್ತದೆ, ಅದಕ್ಕೆ ಕೊಡುವ ಬೆಲೆ ತಪ್ಪನ್ನು ಅಳೆಯುವಾಗ ಸ್ತರಗಳನ್ನು ಮಡಚಬೇಕಾಗಿ ಬರುವುದು. ಒಂದೇ ಚೀಟಿ ಎತ್ತುವುದು ಅನಿವಾರ್ಯ ಎಂದಾದರೆ, ಚೀಟಿ ಎತ್ತುವ ಮೊದಲು ಜೋಡಿಗಳನ್ನು ಬರೆದು, ತಾರೀಖು ಹಾಕಿ, ಮೇಷ್ಟ್ರ ಸಹಿ ಮಾಡಿಸಿಟ್ಟುಕೊಳ್ಳಿ.

ನಮ್ಮ ಅಂಕಿಗಳು ಈ ಕಾಲೇಜಿನ 80 ಮನೆಗಳ ಬಗ್ಗೆ, ಒಂದೇ ಜುಲೈ ಬಗ್ಗೆ ಮಾತ್ರ ಹೇಳುತ್ತವೆ. ದಾವಣಗೆರೆ, ಹರಿಹರದ ಎಲ್ಲ ಕೂಲಿಕಾರರ ಲೆಕ್ಕ ಇದಲ್ಲ. ಎರಡೂ ಹಾಳೆಗಳನ್ನು, ಹೇಳಲಾಗದು ಎಂದಿದ್ದನ್ನೂ 8.4 ರಿಂದ 10.6 ಎಂದಿದ್ದನ್ನೂ, ಸ್ಟಾಫ್ ಮೀಟಿಂಗ್‌ಗೆ ಕೊಟ್ಟೆವು. ಅಲ್ಲಿ ಒಬ್ಬ ಸರ್ ನಿಜಕ್ಕೂ ಕೇಳಿದರಂತೆ, "ಮೊದಲ ಹಾಳೆಯಲ್ಲಿ ಈ ಜೋಡಿಗಳನ್ನ ಯಾವಾಗ ಮಾಡಿದ್ದು?" ಮೇಡಂ ನನ್ನ ನೋಟ್‌ಬುಕ್ಕಿನ ಮೊದಲ ಪುಟ ತೋರಿಸಿದರು. ಕಂತಿನ ಕೊನೆಯ ದಿನ ಅಕ್ಟೋಬರ್‌ಗೆ ಹೋಯಿತು.